ಏರಿದ ಷೇರನ್ನು ಇಳಿಯುವಾಗ ಮಾರಬಹುದೇ?

ಪ್ರಶ್ನೆ: ಮೇಡಂ, ನಾನು ಬ್ರಹ್ಮಾವರದ ಹತ್ತಿರದ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದವ. ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಒಂದು ಟೆಲಿಗ್ರಾಂ ಗುಂಪಿಗೆ ಸೇರಿಸಿದ. ಅಲ್ಲಿ ಹೇಳಿದ ಷೇರನ್ನು 32 ರೂಪಾಯಿಯ ಹಾಗೆ 1,500 ತೆಗೆದುಕೊಂಡೆ. ಎಂಟೇ ದಿನದಲ್ಲಿ 47 ಆಗಿದೆ. ದಿನಾ 5 ಪರ್ಸೆಂಟ್ ಏರುತ್ತಿದೆ. 120ಕ್ಕೆ ಹೋಗುತ್ತದಂತೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 12 ಲಕ್ಷ ಇದೆ, ಇಟ್ಟು 14 ತಿಂಗಳಾಯಿತು. ಅದನ್ನು ಮುರಿದು ಹಾಕೋಣ ಅಂತಿದ್ದೇನೆ. ಬೆಂಗಳೂರಿನಲ್ಲಿರುವ ಮಗಳು ಬೇಡವೇ ಬೇಡ ಅನ್ನುತ್ತಾಳೆ. ಷೇರು ನನ್ನ ಡಿಮ್ಯಾಟ್‌ನಲ್ಲೇ ಇದೆ, ಮೋಸ ಹೇಗಾಗುತ್ತದೆ? ಸ್ಟಾಪ್ ಲಾಸ್ ಹಾಕಿಟ್ಟು, ಸ್ವಲ್ಪ ಇಳಿದ ಕೂಡಲೇ ಮಾರಿ ಹೊರಗೆ ಬರಬಹುದಲ್ವಾ?

ಉತ್ತರ: ನಮಸ್ಕಾರ ಮಾಷ್ಟ್ರೇ. ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಇಂಥ ಷೇರಿನಲ್ಲಿ ಇಳಿದ ಕೂಡಲೇ ಮಾರಿ ಹೊರಗೆ ಬರಲು ಆಗುವುದಿಲ್ಲ. ಹೆಚ್ಚಿನವರು ಸಿಕ್ಕಿಬೀಳುವುದು ಇದೊಂದು ನಂಬಿಕೆಯಿಂದಲೇ. ಷೇರು ಕೆಟ್ಟದ್ದಿರಬಹುದು ಎಂಬ ಅನುಮಾನ ಅವರಿಗೂ ಇರುತ್ತದೆ. ಆದರೆ ಬಾಗಿಲು ನನ್ನ ಕೈಯಲ್ಲೇ ಇದೆ, ಬೇಕಾದಾಗ ಹೊರಗೆ ಹೋಗುತ್ತೇನೆ ಎಂಬ ಧೈರ್ಯದಲ್ಲಿ ಒಳಗೆ ಹೋಗುತ್ತಾರೆ.

ನಾನು ಸುಮಾರು ಇಪ್ಪತ್ತು ವರ್ಷ ಬ್ರೋಕರ್ ಕಚೇರಿಯಲ್ಲಿ ಡೀಲರ್ ಆಗಿ ಪರದೆಯ ಮುಂದೆ ಕೂತವಳು. ಆ ಬಾಗಿಲು ಹೇಗೆ ಮುಚ್ಚುತ್ತದೆ ಎಂಬುದನ್ನು ಒಬ್ಬರು ಟೀಚರ್ ಕತೆಯ ಮೂಲಕ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪೆನ್ಷನ್ ಬರುತ್ತದೆ, ಸಾಲ ಇಲ್ಲ. ನಿಮ್ಮ ಹಾಗೆಯೇ ಅಂಚೆ ಕಚೇರಿಯಲ್ಲಿ 15 ಲಕ್ಷ ಇಟ್ಟಿದ್ದರು. ಗುಂಪಿನಲ್ಲಿ ಒಂದು ಸಣ್ಣ ಕಂಪನಿಯ ಹೆಸರು ಬಂತು. ದೊಡ್ಡ ಮನೆತನವೊಂದು ಅದನ್ನು ಕೊಳ್ಳುತ್ತಿದೆ, ಸುದ್ದಿ ಇನ್ನೂ ಹೊರಗೆ ಬಂದಿಲ್ಲ ಎಂದು ಬರೆದಿದ್ದರು. ಟೀಚರ್ 46 ರೂಪಾಯಿಯ ಹಾಗೆ 2,000 ಷೇರು ತೆಗೆದುಕೊಂಡರು. 92 ಸಾವಿರ ಹೋಯಿತು. ಎಂಟು ದಿನ ಸತತವಾಗಿ 5 ಪರ್ಸೆಂಟ್ ಏರಿ ಅದು 68 ಆಯಿತು. ಆ್ಯಪ್‌ನಲ್ಲಿ 44 ಸಾವಿರ ಲಾಭ ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಉಳಿತಾಯ ಖಾತೆಯಲ್ಲಿದ್ದ 2 ಲಕ್ಷ 84 ಸಾವಿರವನ್ನೂ ಹಾಕಿ 71ರ ಹಾಗೆ ಇನ್ನೂ 4,000 ಷೇರು ಕೊಂಡರು.

ಷೇರು 78ಕ್ಕೆ ಮುಟ್ಟಿದ ದಿನ, ಒಂದು ಶುಕ್ರವಾರ ಮಧ್ಯಾಹ್ನ, ಅವರು ಅಂಚೆ ಕಚೇರಿಗೆ ಹೋದರು. ಖಾತೆ ಅವಧಿಗೆ ಮೊದಲೇ ಮುಚ್ಚಿದರೆ ಎಷ್ಟು ಕಡಿತ ಎಂದು ಕೇಳಿದರು. ಒಂದು ವರ್ಷ ದಾಟಿ ಎರಡು ವರ್ಷ ಆಗದಿದ್ದರೆ ಅಸಲಿನ ಒಂದೂವರೆ ಪರ್ಸೆಂಟ್ ಎಂದರು. ಅಂದರೆ 22,500 ರೂಪಾಯಿ. ಗಣಿತದ ಟೀಚರ್ ಅಲ್ವಾ, ಅಲ್ಲೇ ಲೆಕ್ಕ ಹಾಕಿದರು. 15 ಲಕ್ಷಕ್ಕೆ ದಿನಕ್ಕೆ 5 ಪರ್ಸೆಂಟ್ ಅಂದರೆ 75 ಸಾವಿರ. ಕಡಿತದ ದುಡ್ಡು ಅರ್ಧ ದಿನದ ಗಳಿಕೆಯಲ್ಲೇ ವಾಪಸ್ ಬರುತ್ತದೆ. ಫಾರ್ಮ್ ತುಂಬಿಸಿದರು. ಆದರೆ ಪಾಸ್‌ಬುಕ್ ಮನೆಯಲ್ಲೇ ಬಿಟ್ಟು ಬಂದಿದ್ದರು. ಸೋಮವಾರ ತನ್ನಿ ಎಂದು ಕೌಂಟರ್‌ನವರು ಹೇಳಿ ಕಳಿಸಿದರು.

ಸೋಮವಾರ ಬೆಳಿಗ್ಗೆ ಪೇಟೆ ತೆರೆದದ್ದೇ ಷೇರು 74ಕ್ಕೆ ಇಳಿದು ನಿಂತಿತು. ಗುಂಪಿನಲ್ಲಿ "ಗಾಬರಿ ಬೇಡ, ಹೆದರಿಸಿ ಷೇರು ಕಿತ್ತುಕೊಳ್ಳುತ್ತಿದ್ದಾರೆ, ಇನ್ನಷ್ಟು ಕೊಳ್ಳಿ" ಎಂದು ಬಂತು. ಟೀಚರ್ ಅಂಚೆ ಕಚೇರಿಗೆ ಹೋಗುವುದನ್ನು ಒಂದು ದಿನ ಮುಂದೆ ಹಾಕಿದರು. ಮಂಗಳವಾರ ಮತ್ತೆ 5 ಪರ್ಸೆಂಟ್ ಇಳಿಯಿತು. ಮಾರಲು ಹೋದರೆ ಮಾರಾಟವಾಗಲಿಲ್ಲ. ಆ್ಯಪ್ ಕೆಟ್ಟಿದೆ ಎಂದುಕೊಂಡು ಉಡುಪಿಯ ನನ್ನ ಕಚೇರಿಗೆ ಬಂದರು.

ಆ್ಯಪ್ ಸರಿಯಾಗಿಯೇ ಇತ್ತು. ಷೇರಿನ ಹೆಸರು ಒತ್ತಿ ಮಾರ್ಕೆಟ್ ಡೆಪ್ತ್ ಎಂಬಲ್ಲಿ ನೋಡಿದೆವು. ಎಡಗಡೆ ಕೊಳ್ಳುವವರ ಸಾಲು, ಬಲಗಡೆ ಮಾರುವವರ ಸಾಲು. ಬಲಗಡೆ ನಾಲ್ಕು ಲಕ್ಷಕ್ಕೂ ಜಾಸ್ತಿ ಷೇರು ಮಾರಾಟಕ್ಕೆ ಕಾದಿತ್ತು. ಎಡಗಡೆ ಐದು ಸಾಲಿನಲ್ಲೂ ಸೊನ್ನೆ. ಟೀಚರ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. "ಕೊಳ್ಳುವವರು ಒಬ್ಬರೂ ಇಲ್ಲವಾ? ಶುಕ್ರವಾರ ಅಷ್ಟು ಜನ ಇದ್ದರಲ್ಲ!" ಅಂದರು.

ಆ ಜನ ಯಾರು ಎಂಬುದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಮಲ್ಪೆ ಬಂದರಿನ ಏಲಂ ನೆನಪು ಮಾಡಿಕೊಳ್ಳಿ. ಒಂದೇ ಮನೆಯ ನಾಲ್ಕು ಜನ ಎರಡು ಬುಟ್ಟಿ ಬಂಗುಡೆ ಇಟ್ಟುಕೊಂಡು ತಮ್ಮತಮ್ಮೊಳಗೇ ಬೆಲೆ ಕೂಗುತ್ತಾರೆ ಅಂತಿಟ್ಟುಕೊಳ್ಳಿ. ಇವ ಅವನಿಂದ ಕೊಳ್ಳುತ್ತಾನೆ, ಅವ ಇವನಿಂದ ಕೊಳ್ಳುತ್ತಾನೆ. ಪ್ರತಿ ಸಲವೂ ಬೆಲೆ ಸ್ವಲ್ಪ ಏರುತ್ತದೆ. ದೂರದಿಂದ ನೋಡುವವನಿಗೆ ಬಂಗುಡೆಗೆ ಭಾರೀ ಬೇಡಿಕೆ ಇದ್ದ ಹಾಗೆ ಕಾಣುತ್ತದೆ. ಅವನು ಓಡಿಬಂದು ಕೇಳುತ್ತಾನೆ. ಹಿಂದೆ ಅಡಗಿಸಿಟ್ಟಿದ್ದ ನೂರು ಬುಟ್ಟಿಯನ್ನು ಅವನಿಗೆ ಕೊಟ್ಟು ನಾಲ್ವರೂ ಮನೆಗೆ ಹೋಗುತ್ತಾರೆ. ಅವನು ತಿರುಗಿ ಮಾರಲು ನೋಡಿದರೆ ದಕ್ಕೆಯಲ್ಲಿ ಕೂಗುವವರೇ ಇಲ್ಲ.

ಷೇರಿನಲ್ಲೂ ಹೀಗೇ ನಡೆಯುತ್ತದೆ. ಆರಿಸಿಕೊಳ್ಳುವುದು ದಿನಕ್ಕೆ ಕೆಲವು ನೂರು ಷೇರು ಮಾತ್ರ ಕೈ ಬದಲಾಗುವ ಸಣ್ಣ ಕಂಪನಿಯನ್ನು. ನಮ್ಮ ಮಾತಿನಲ್ಲಿ ಆಪರೇಟರ್ ಎನ್ನುವವರು ತಿಂಗಳುಗಟ್ಟಲೆ ಸದ್ದಿಲ್ಲದೆ ಕಡಿಮೆ ಬೆಲೆಗೆ ಷೇರು ಸೇರಿಸಿಕೊಳ್ಳುತ್ತಾರೆ. ಆಮೇಲೆ ತಮ್ಮದೇ ಬೇರೆ ಬೇರೆ ಖಾತೆಗಳ ನಡುವೆ ಕೊಟ್ಟು ತೆಗೆದುಕೊಂಡು ಬೆಲೆ ಏರಿಸುತ್ತಾರೆ.

ದಿನಕ್ಕೆ ಸರಿಯಾಗಿ 5 ಪರ್ಸೆಂಟ್ ಏಕೆ ಎಂದು ನಿಮಗೆ ಅನಿಸಿರಬಹುದು. ಷೇರು ವಿನಿಮಯ ಕೇಂದ್ರಗಳು ಇಂಥ ಷೇರುಗಳಿಗೆ ಹಿಂದಿನ ದಿನದ ಬೆಲೆಯ ಮೇಲೆ ಒಂದು ಗಡಿ ಹಾಕಿರುತ್ತವೆ. ಕೆಲವಕ್ಕೆ 2, ಕೆಲವಕ್ಕೆ 5, 10 ಅಥವಾ 20 ಪರ್ಸೆಂಟ್. ಆ ದಿನ ಅದಕ್ಕಿಂತ ಮೇಲೆ ಹೋಗುವ ಹಾಗಿಲ್ಲ, ಕೆಳಗೂ ಇಳಿಯುವ ಹಾಗಿಲ್ಲ. ಮೇಲಿನ ಗಡಿ ಅಪ್ಪರ್ ಸರ್ಕ್ಯೂಟ್, ಕೆಳಗಿನದು ಲೋವರ್ ಸರ್ಕ್ಯೂಟ್. ಬೆಲೆ ಹುಚ್ಚಾಬಟ್ಟೆ ಏರಿಳಿಯಬಾರದು ಎಂದು ಹಾಕಿದ ಬೇಲಿ ಅದು. ಆದರೆ ಬೇಲಿ ಎರಡೂ ಕಡೆ ಇದೆ. ಏರುವಾಗ ಮಾರುವವರು ಇರುವುದಿಲ್ಲ, ಹಾಗಾಗಿ ಬೇಕೆಂದರೂ ಷೇರು ಸಿಗುವುದಿಲ್ಲ. ಸಿಗದ ವಸ್ತುವಿನ ಮೇಲೆ ಆಸೆ ಜಾಸ್ತಿಯಾಗುತ್ತದೆ. ಕೆಲವು ದಿನ ಕಳೆದ ಮೇಲೆ ಒಮ್ಮೆಲೇ ಕೇಳಿದಷ್ಟು ಸಿಗತೊಡಗುತ್ತದೆ. ಟೀಚರ್‌ಗೆ 71ರಲ್ಲಿ 4,000 ಷೇರು ಒಂದೇ ಏಟಿಗೆ ಸಿಕ್ಕಿತ್ತು. ತಮ್ಮ ಅದೃಷ್ಟ ಎಂದುಕೊಂಡಿದ್ದರು. ಆ ದಿನವೇ ಆಪರೇಟರ್‌ಗಳು ಖಾಲಿ ಮಾಡಲು ಶುರು ಮಾಡಿದ್ದು.

ಈಗ ನಿಮ್ಮ ಸ್ಟಾಪ್ ಲಾಸ್ ವಿಷಯ. ಸ್ಟಾಪ್ ಲಾಸ್ ಅಂದರೆ "ಬೆಲೆ ಇಷ್ಟಕ್ಕೆ ಇಳಿದರೆ ನನ್ನ ಷೇರನ್ನು ಮಾರಾಟಕ್ಕಿಡು" ಎಂದು ಮೊದಲೇ ಹೇಳಿಟ್ಟ ಮಾತು, ಅಷ್ಟೇ. ಅದು ಕೊಳ್ಳುವವನನ್ನು ಹುಡುಕಿ ತರುವುದಿಲ್ಲ. ಲೋವರ್ ಸರ್ಕ್ಯೂಟ್ ಬಿದ್ದ ದಿನ ನಿಮ್ಮ ಆರ್ಡರ್ ಎಚ್ಚರಗೊಂಡು ನಾಲ್ಕು ಲಕ್ಷ ಷೇರಿನ ಸಾಲಿನ ಕೊನೆಯಲ್ಲಿ ಹೋಗಿ ನಿಲ್ಲುತ್ತದೆ. ಸಂಜೆ ರದ್ದಾಗುತ್ತದೆ. ಮರುದಿನ ಬೆಲೆ ಇನ್ನೂ 5 ಪರ್ಸೆಂಟ್ ಕೆಳಗಿನಿಂದ ಶುರು. ಹತ್ತು ದಿನ ಹೀಗಾದರೆ 100 ರೂಪಾಯಿ 60ಕ್ಕೆ ಬಂದಿರುತ್ತದೆ, ಒಂದು ಷೇರೂ ಕೈ ಬಿಟ್ಟಿರುವುದಿಲ್ಲ. ದೊಡ್ಡ ಕಂಪನಿಗಳ ಷೇರಿನಲ್ಲಿ ಸ್ಟಾಪ್ ಲಾಸ್ ಕೆಲಸ ಮಾಡುವುದು ಅಲ್ಲಿ ಯಾವ ಬೆಲೆಗಾದರೂ ಕೊಳ್ಳುವ ಸಾವಿರಾರು ಜನ ಇರುವುದರಿಂದ.

ಡಿಮ್ಯಾಟ್‌ನಲ್ಲಿದೆ, ಮೋಸ ಹೇಗೆ ಎಂದು ಕೇಳಿದ್ದೀರಿ. ನಕಲಿ ಆ್ಯಪ್ ಮಾಡಿ ದುಡ್ಡನ್ನು ಯಾರದೋ ಖಾತೆಗೆ ಹಾಕಿಸಿಕೊಳ್ಳುವ ಮೋಸ ಬೇರೆ. ಅದರಲ್ಲಿ ಷೇರೇ ಇರುವುದಿಲ್ಲ. ಹಾಗೆ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿನಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಇರುತ್ತದೆ. ನಿಮ್ಮದು ಹಾಗಲ್ಲ. ನಿಮ್ಮ ಷೇರು ನಿಜ, ಕಂಪನಿ ನಿಜ, ವಹಿವಾಟೂ ನಿಜ. ಬೆಲೆ ಮಾತ್ರ ಸುಳ್ಳು. ನಿಮ್ಮ ದುಡ್ಡು ವಿನಿಮಯ ಕೇಂದ್ರದ ಮೂಲಕ ಗುರುತಿಲ್ಲದ ಮಾರಾಟಗಾರನಿಗೆ ಕಾನೂನು ಪ್ರಕಾರವೇ ಹೋಗಿರುತ್ತದೆ. ಅದನ್ನು ತಡೆಹಿಡಿಯಲು ಯಾರಿಗೂ ಸುಲಭದಲ್ಲಿ ಆಗುವುದಿಲ್ಲ. scores.sebi.gov.in ನಲ್ಲಿ ದೂರು ಕೊಡಬಹುದು, ಕೊಡಬೇಕು ಕೂಡ. ಷೇರು ಪೇಟೆಯನ್ನು ನಿಯಂತ್ರಿಸುವ ಸಂಸ್ಥೆಯಾದ ಸೆಬಿ ತನಿಖೆ ಮಾಡಿ ದಂಡ ಹಾಕಿದ್ದೂ ಇದೆ. ಆದರೆ ವರ್ಷಗಳು ಹಿಡಿಯುತ್ತವೆ.

ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ಷೇರಿನ ವಿಷಯದಲ್ಲಿ ಸೆಬಿ 2023ರ ಮಾರ್ಚ್‌ನಲ್ಲಿ ಕೊಟ್ಟ ಮಧ್ಯಂತರ ಆದೇಶವನ್ನು ನಾನು ನನ್ನಲ್ಲಿ ಬರುವವರಿಗೆಲ್ಲ ತೋರಿಸುತ್ತೇನೆ. 2022ರಲ್ಲಿ ಯೂಟ್ಯೂಬ್‌ನಲ್ಲಿ ಆ ಕಂಪನಿಯ ಬಗ್ಗೆ ಸುಳ್ಳು ವಿಡಿಯೋಗಳು ಬಂದವು. ದೊಡ್ಡ ಸಮೂಹವೊಂದು ಕೊಳ್ಳುತ್ತಿದೆ ಎಂಬುದೇ ಅಲ್ಲಿನ ಕತೆ. ಕಂಪನಿಯ ಸಣ್ಣ ಷೇರುದಾರರ ಸಂಖ್ಯೆ 2 ಸಾವಿರ ಚಿಲ್ಲರೆಯಿಂದ 55 ಸಾವಿರಕ್ಕೆ ಏರಿತು. ಅದೇ ಹೊತ್ತಿಗೆ ಕಂಪನಿಯ ಕೆಲವು ಪ್ರವರ್ತಕರೇ ಏರಿದ ಬೆಲೆಗೆ ತಮ್ಮ ಷೇರು ಮಾರಿದರು ಎಂದು ಆದೇಶ ಹೇಳುತ್ತದೆ. ಮಾರಿದವರು ಒಳಗಿನವರು, ಕೊಂಡವರು ನಿಮ್ಮ ನಮ್ಮ ಹಾಗಿನವರು.

ಇದನ್ನು ನೀವೇ ನೋಡಿ ತಿಳಿಯಬಹುದು. bseindia.com ಗೆ ಹೋಗಿ ನಿಮ್ಮ ಕಂಪನಿಯ ಹೆಸರು ಹಾಕಿ, ಷೇರ್‌ಹೋಲ್ಡಿಂಗ್ ಪ್ಯಾಟರ್ನ್ ತೆರೆಯಿರಿ. ಪ್ರತಿ ಕಂಪನಿಯೂ ಮೂರು ತಿಂಗಳಿಗೊಮ್ಮೆ ಅದನ್ನು ಕೊಡಬೇಕು. ಎರಡೇ ಸಂಗತಿ ನೋಡಿ: ಪ್ರವರ್ತಕರ ಪಾಲು ಹಿಂದಿನ ನಾಲ್ಕು ಬಾರಿಯಲ್ಲಿ ಇಳಿಯುತ್ತಾ ಬಂದಿದೆಯಾ? ಸಾರ್ವಜನಿಕ ಷೇರುದಾರರ ಸಂಖ್ಯೆ ಒಮ್ಮೆಲೇ ಹತ್ತಾರು ಪಟ್ಟು ಆಗಿದೆಯಾ? ಎರಡೂ ಹೌದಾದರೆ ಷೇರು ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಎಂಬುದು ಕಣ್ಣೆದುರೇ ಇದೆ. ಒಂದು ಮಿತಿ ಹೇಳಬೇಕು. ಈ ಲೆಕ್ಕ ಮೂರು ತಿಂಗಳಿಗೊಮ್ಮೆ ಬರುವುದರಿಂದ ಕಳೆದ ಎಂಟು ದಿನದ ಆಟ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಅಲ್ಲೇ ಸಿಗುವ ವಹಿವಾಟಿನ ಸಂಖ್ಯೆ ನೋಡಿ. ಆರು ತಿಂಗಳ ಹಿಂದೆ ದಿನಕ್ಕೆ 300 ಷೇರು, ಈಗ ದಿನಕ್ಕೆ 3 ಲಕ್ಷ ಅಂತಿದ್ದರೆ ನಾನಾದರೆ ಅಲ್ಲಿ ನಿಲ್ಲುವುದಿಲ್ಲ.

ಕೊಳ್ಳುವಾಗ ನಿಮ್ಮ ಆ್ಯಪ್ ಜಿ.ಎಸ್.ಎಂ. ಅಥವಾ ಎ.ಎಸ್.ಎಂ. ಎಂದು ಏನಾದರೂ ಎಚ್ಚರಿಕೆ ತೋರಿಸಿತ್ತಾ? ವಿನಿಮಯ ಕೇಂದ್ರ ಆ ಷೇರಿನ ಮೇಲೆ ಕಣ್ಣಿಟ್ಟಿದೆ ಎಂದು ಅದರ ಅರ್ಥ. ಹೆಚ್ಚಿನವರು ಓದದೆ ಮುಂದೆ ಒತ್ತುತ್ತಾರೆ. ಟೀಚರ್ ಕೂಡ ಹಾಗೇ ಮಾಡಿದ್ದರು.

ಗುಂಪು ನಡೆಸುವವರು ಸೆಬಿಯಲ್ಲಿ ನೋಂದಾಯಿಸಿಕೊಂಡವರು ಎಂದು ಹೇಳುತ್ತಿದ್ದರೆ INH ಅಥವಾ INA ಎಂದು ಶುರುವಾಗುವ ಸಂಖ್ಯೆ ಕೇಳಿ, sebi.gov.in ನಲ್ಲಿ ಹೆಸರಿಗೂ ಸಂಖ್ಯೆಗೂ ತಾಳೆ ಆಗುತ್ತದಾ ನೋಡಿ. ಬೇರೆಯವರ ಸಂಖ್ಯೆಯನ್ನು ತಮ್ಮದೆಂದು ಹಾಕಿಕೊಳ್ಳುವುದು ಮಾಮೂಲು. ನಿಜವಾಗಿ ನೋಂದಾಯಿಸಿಕೊಂಡವರು ಇಷ್ಟೇ ಬರುತ್ತದೆ ಎಂದು ಖಾತ್ರಿ ಕೊಡುವ ಹಾಗಿಲ್ಲ. 120ಕ್ಕೆ ಹೋಗಿಯೇ ಹೋಗುತ್ತದೆ ಎನ್ನುವ ಮಾತೇ ನಿಯಮಕ್ಕೆ ವಿರುದ್ಧ.

ನಮ್ಮ ಜಿಲ್ಲೆಯವರು ಇದರಲ್ಲಿ ಬೀಳಲು ಒಂದು ಕಾರಣ ಇದೆ ಎಂದು ನನಗೆ ಅನಿಸುತ್ತದೆ. ಬರೀ ಆಸೆ ಅಲ್ಲ. ಇದು ಬ್ಯಾಂಕುಗಳು ಹುಟ್ಟಿದ ನೆಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್. ಅಜ್ಜ ಕಪಾಟಿನಲ್ಲಿಟ್ಟಿದ್ದ ಷೇರಿನ ಕಾಗದ ಮುಂದೆ ಮನೆ ಕಟ್ಟಲು ಆಯಿತು ಎಂಬ ಮಾತು ನನ್ನ ಕಚೇರಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಷೇರು ಅಂದರೆ ನಂಬಬಹುದಾದ್ದು ಎಂಬ ಭಾವನೆ ಅಲ್ಲಿಂದ ಬಂತು. ಆದರೆ ಅಜ್ಜನಿಗೆ ಆ ಬ್ಯಾಂಕ್ ಗೊತ್ತಿತ್ತು. ಮ್ಯಾನೇಜರ್ ಗೊತ್ತಿದ್ದರು, ಪಿಗ್ಮಿ ಕಟ್ಟಿಸಿಕೊಳ್ಳಲು ಮನೆಗೆ ಬರುವವರು ಗೊತ್ತಿದ್ದರು. ಮಾಷ್ಟ್ರೇ, ನಿಮ್ಮ ಕಂಪನಿ ಏನು ತಯಾರಿಸುತ್ತದೆ, ಕಳೆದ ವರ್ಷ ಎಷ್ಟು ವ್ಯಾಪಾರ ಮಾಡಿತು ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಟೀಚರ್‌ಗೂ ಗೊತ್ತಿರಲಿಲ್ಲ. ಗುಂಪಿಗೆ ಸೇರಿಸಿದ ಹುಡುಗ ಗೊತ್ತಿದ್ದ, ಅಷ್ಟೇ. ಅವನೂ ದುಡ್ಡು ಹಾಕಿದ್ದ. ನಿಮ್ಮ ಹಳೆಯ ವಿದ್ಯಾರ್ಥಿಯ ಮೇಲೂ ಸಿಟ್ಟು ಬೇಡ.

ಟೀಚರ್ ಹೊರಗೆ ಬಂದ ಬಗೆ ಹೇಳಿಬಿಡುತ್ತೇನೆ. ಮಂಗಳವಾರ ರಾತ್ರಿಯಿಂದಲೇ ಆಫ್ಟರ್ ಮಾರ್ಕೆಟ್ ಆರ್ಡರ್ ಹಾಕಲು ಶುರು ಮಾಡಿದೆವು. ಮರುದಿನದ ಲೋವರ್ ಸರ್ಕ್ಯೂಟ್ ಬೆಲೆಯನ್ನೇ ಬರೆದು ರಾತ್ರಿಯೇ ಆರ್ಡರ್ ಇಟ್ಟರೆ ಬೆಳಿಗ್ಗೆ ಪೇಟೆ ತೆರೆದ ಕೂಡಲೇ ಅದು ಸಾಲಿಗೆ ಸೇರುತ್ತದೆ. ಒಂದೇ ಬೆಲೆಗೆ ಕಾದಿರುವವರಲ್ಲಿ ಮೊದಲು ಬಂದವರಿಗೆ ಮೊದಲು ಎಂಬುದು ನಿಯಮ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಕೂತು ಹಾಕುವವರಿಗಿಂತ ಮುಂದೆ ಇರುತ್ತೇವೆ. ಕೆಳಗಿನ ಬೆಲೆ ಬರೆದರೆ ನಷ್ಟ ಅಲ್ವಾ ಎಂದು ಟೀಚರ್ ಕೇಳಿದರು. ಇಲ್ಲ. ಯಾರಾದರೂ ಜಾಸ್ತಿ ಬೆಲೆಗೆ ಕೊಳ್ಳಲು ನಿಂತಿದ್ದರೆ ಆ ಜಾಸ್ತಿ ಬೆಲೆಯೇ ಸಿಗುತ್ತದೆ.

ಬುಧವಾರ, ಗುರುವಾರ, ಶುಕ್ರವಾರ, ಮತ್ತಿನ ಸೋಮವಾರ, ಏನೂ ಆಗಲಿಲ್ಲ. ಪ್ರತಿ ರಾತ್ರಿ ಎಂಟು ಗಂಟೆಗೆ ಫೋನ್ ಮಾಡಿ ಮರುದಿನದ ಬೆಲೆ ಕೇಳುತ್ತಿದ್ದರು. ಕ್ಯಾಲ್ಕುಲೇಟರ್ ಬೇಡ ಎಂದು ತಾವೇ 0.95ರಿಂದ ಗುಣಿಸಿ ಹೇಳುತ್ತಿದ್ದರು, ಧ್ವನಿ ಮಾತ್ರ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಎರಡನೇ ವಾರದ ಮಂಗಳವಾರ ಸ್ವಲ್ಪ ಹೊತ್ತು ಬಾಗಿಲು ತೆರೆಯಿತು. ಅಗ್ಗಕ್ಕೆ ಸಿಕ್ಕಿತು ಎಂದು ಯಾರೋ ಕೊಂಡರು. ಸುಮಾರು 54 ರೂಪಾಯಿ 50 ಪೈಸೆಗೆ 3,500 ಷೇರು ಹೋಯಿತು. ಬುಧವಾರ ಉಳಿದ 2,500 ಷೇರು 51 ರೂಪಾಯಿ 75 ಪೈಸೆಯ ಹಾಗೆ ಹೋಯಿತು. ಹಾಕಿದ್ದು 3 ಲಕ್ಷ 76 ಸಾವಿರ, ಬಂದದ್ದು ಸುಮಾರು 3 ಲಕ್ಷ 20 ಸಾವಿರ. 56 ಸಾವಿರ ಹೋಯಿತು. ಕೆಲವೇ ತಿಂಗಳಲ್ಲಿ ಅದೇ ಷೇರು 9 ರೂಪಾಯಿಗೆ ಬಂತು. ಆ ಶುಕ್ರವಾರ ಪಾಸ್‌ಬುಕ್ ಕೈಯಲ್ಲಿದ್ದು 15 ಲಕ್ಷವೂ 78ರ ಬೆಲೆಯಲ್ಲಿ ಹೋಗಿದ್ದರೆ 19 ಸಾವಿರ ಚಿಲ್ಲರೆ ಷೇರು ಸಿಗುತ್ತಿತ್ತು. 9ರ ಲೆಕ್ಕದಲ್ಲಿ ಅದರ ಬೆಲೆ 1 ಲಕ್ಷ 73 ಸಾವಿರ. ಅಷ್ಟು ಷೇರಿದ್ದಿದ್ದರೆ ಬಾಗಿಲು ತೆರೆದ ಆ ಸ್ವಲ್ಪ ಹೊತ್ತಿನಲ್ಲಿ ಪೂರ್ತಿ ಹೊರಗೆ ಬರಲೂ ಆಗುತ್ತಿರಲಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ಷೇರು ಇನ್ನೂ ಏರುತ್ತಿದೆ, ಅಂದರೆ ಕೊಳ್ಳುವವರು ಇನ್ನೂ ಇದ್ದಾರೆ. ನೀವು ಬರೆದ ದಿನದ ಬೆಲೆಯಲ್ಲೇ 1,500 ಷೇರಿಗೆ 70,500 ಬರುತ್ತದೆ. ಲಾಭ 22,500. ವರ್ಷದೊಳಗೆ ಮಾರುತ್ತಿರುವುದರಿಂದ ಲಾಭದ ಮೇಲೆ 20 ಪರ್ಸೆಂಟ್ ತೆರಿಗೆ ಇದೆ, ಅದನ್ನು ತೆಗೆದಿಡಿ. ಎಲ್ಲವನ್ನೂ ಮಾರಿಬಿಡಿ ಎಂಬುದೇ ನನ್ನ ಸಲಹೆ. ನೀವು ಮಾರಿದ ಮೇಲೆ ಅದು 60, 70 ಆಗಬಹುದು. ಆಗ ಹೊಟ್ಟೆ ಉರಿಯುತ್ತದೆ, ಅದು ಈ ದಾರಿಯ ಕಷ್ಟ. ಮನಸ್ಸು ಒಪ್ಪುವುದೇ ಇಲ್ಲ ಎಂದಾದರೆ 1,025 ಷೇರು ಮಾರಿ ನಿಮ್ಮ 48 ಸಾವಿರ ವಾಪಸ್ ತೆಗೆದುಕೊಳ್ಳಿ. ಉಳಿದ 475 ಷೇರು ಸೊನ್ನೆಯಾದರೂ ಕೈಯಿಂದ ಹಾಕಿದ್ದು ಹೋಗುವುದಿಲ್ಲ. ಇದರ ಅಪಾಯ ಏನೆಂದರೆ, ಆ 475 ಏರುವುದನ್ನು ನೋಡಿ ಮತ್ತೆ ಕೊಳ್ಳಲು ಕೈ ಹೋಗುತ್ತದೆ. ಹಾಗೆ ಆಗುವುದನ್ನು ನಾನು ಬಹಳ ನೋಡಿದ್ದೇನೆ.

ಅಂಚೆ ಕಚೇರಿಯ 12 ಲಕ್ಷ ಮುಟ್ಟಬೇಡಿ. 8.2 ಪರ್ಸೆಂಟ್ ಬಡ್ಡಿಯಲ್ಲಿ ಇಟ್ಟಿದ್ದರೆ ಮೂರು ತಿಂಗಳಿಗೊಮ್ಮೆ 24,600 ಬರುತ್ತಿರಬೇಕು. ಈಗ ಮುರಿದರೆ 18 ಸಾವಿರ ಕಡಿತ ಖಂಡಿತ, ಉಳಿದದ್ದೆಲ್ಲ ಅನುಮಾನ. ಷೇರಿನಲ್ಲಿ ದುಡ್ಡು ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಪೆನ್ಷನ್‌ನಲ್ಲಿ ತಿಂಗಳಿಗೆ ಉಳಿಯುವುದರಲ್ಲಿ ಸ್ವಲ್ಪವನ್ನು ಹಲವು ದೊಡ್ಡ ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಹಾಕಬಹುದು. ಅದೂ ಇಳಿಯುತ್ತದೆ, ಆದರೆ ಮಾರಬೇಕೆಂದ ದಿನ ಮಾರಲು ಬರುತ್ತದೆ.

ಈ ಉತ್ತರ ನಿಮ್ಮ ಕೈಗೆ ಸಿಗುವಷ್ಟರಲ್ಲಿ ಷೇರು ಲೋವರ್ ಸರ್ಕ್ಯೂಟ್‌ಗೆ ಬಿದ್ದಿದ್ದರೆ ಇನ್ನಷ್ಟು ಕೊಂಡು ಸರಾಸರಿ ಇಳಿಸಲು ಹೋಗಬೇಡಿ. ಅದೇ ರಾತ್ರಿ ಮರುದಿನದ ಕೆಳಗಿನ ಗಡಿಯ ಬೆಲೆಗೆ ಆಫ್ಟರ್ ಮಾರ್ಕೆಟ್ ಆರ್ಡರ್ ಹಾಕಿ, ಮಾರಾಟವಾಗುವವರೆಗೆ ಪ್ರತಿ ರಾತ್ರಿ ಹೊಸದಾಗಿ ಹಾಕಿ. ಮೊಬೈಲಿನಲ್ಲಿ ಅದು ಎಲ್ಲಿದೆ ಎಂದು ಸಿಗದಿದ್ದರೆ ಬ್ರೋಕರ್ ಕಚೇರಿಗೆ ಫೋನ್ ಮಾಡಿ ಹೇಳಿದರೂ ಆಗುತ್ತದೆ. ಮಗಳನ್ನೂ ಫೋನಿನಲ್ಲಿ ಜೊತೆಗಿಟ್ಟುಕೊಳ್ಳಿ. ಗುಂಪಿನ ಸಂದೇಶಗಳನ್ನು ಅಳಿಸಬೇಡಿ, ಫೋಟೋ ತೆಗೆದಿಡಿ. ದೂರು ಕೊಡುವಾಗ ಯಾವ ದಿನ ಏನು ಬರೆದಿದ್ದರು ಎಂದು ತೋರಿಸಲು ಬೇಕಾಗುತ್ತದೆ.